“ಏನಿಲ್ರಿ, ಸುಮ್ಮ ಬಂದಿದ್ದೆ”

ಸಂಕೋಚಕ್ಕೆ ನಮ್ಮ ಕಲಬುರಗಿ ಕಡೆ ಹೆಸರು ಒಂದಲ್ಲ. ‘ಸಂಕೋಚ’, ‘ದಾಕ್ಷಿಣ್ಯ’ ಸಂಸ್ಕೃತದಿಂದ ಬಂದವು, ‘ಭಿಡೆ’ ಮರಾಠಿ ಕಡೆಯಿಂದ, ‘ಮುಲಾಜು’ ಉರ್ದುವಿನಿಂದ. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ, ಮಗ್ಗುಲಲ್ಲೇ ಮರಾಠಿ ಇರುವ ಜಿಲ್ಲೆಯಲ್ಲಿ ಹೀಗಾಗುವುದು ಸಹಜ. ಆದರೆ ಈ ಮಾತುಗಳು ಒಂದರ ಬದಲಿಗೆ ಇನ್ನೊಂದು ನಿಲ್ಲುವಂಥವಲ್ಲ. ಸಂಕೋಚ ಕೇಳುವವನಿಗೆ ಆಗುತ್ತದೆ. ದಾಕ್ಷಿಣ್ಯ ಕೊಡುವವನಿಗೆ ಆಗುತ್ತದೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲಿಕ್ಕೆ ಜಾಗವಿಲ್ಲ ಎನ್ನುವ ಗಾದೆ ಅವನನ್ನೇ ಎಚ್ಚರಿಸುತ್ತದೆ. ಮುಲಾಜು ಇಬ್ಬರ ನಡುವಿನ ಹಳೆಯ ಲೆಕ್ಕ. ಅದು ಇದ್ದಲ್ಲಿ ‘ಇಲ್ಲ’ ಎಂಬ ಮಾತು ಬಾಯಿಗೆ ಬರುವುದಿಲ್ಲ.

ಇಷ್ಟು ಬಿಡಿಸಿಟ್ಟುಕೊಂಡರೆ, ಒಬ್ಬ ಮನುಷ್ಯ ತನಗೆ ಬೇಕಾದದ್ದನ್ನು ನೇರವಾಗಿ ಏಕೆ ಕೇಳುವುದಿಲ್ಲ ಎನ್ನುವುದರ ಅರ್ಧ ಕಾರಣ ಸಿಗುತ್ತದೆ. ಅವನಿಗೆ ತನ್ನ ಮರ್ಯಾದೆಯ ಚಿಂತೆ ಇರುವುದು ನಿಜ. ಅದಕ್ಕಿಂತ ದೊಡ್ಡ ಚಿಂತೆ ಎದುರಿನವರದ್ದು. “ನಿಮ್ಮ ತಾಡಪತ್ರಿ ಕೊಡ್ರಿ” ಎಂದು ಕೇಳಿಬಿಟ್ಟರೆ ಎದುರಿನವನ ಮುಂದೆ ಎರಡೇ ದಾರಿ ಉಳಿಯುತ್ತವೆ: ಮನಸ್ಸಿಲ್ಲದೆ ಕೊಡಬೇಕು, ಇಲ್ಲವೇ ಮಾರಿ ಮ್ಯಾಲೆ ಹೊಡೆದಂತೆ ಇಲ್ಲ ಅನ್ನಬೇಕು. ಆ ಪೇಚಿಗೆ ಅವನನ್ನು ತಳ್ಳಬಾರದೆಂದೇ ಕೇಳುವವನು ಸುತ್ತುಹಾಕಿ ಬರುತ್ತಾನೆ.

ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ಸಾಲು ಸಾಲಾಗಿ ಪರೀಕ್ಷಿಸುವ ವಿದ್ವಾಂಸರು ಈ ಸುತ್ತುದಾರಿಯನ್ನು ಚೆನ್ನಾಗಿಯೇ ಗುರುತಿಸಿದ್ದಾರೆ. ಅಮೆರಿಕದ ಇಮ್ಯಾನುಯೆಲ್ ಶೆಗ್ಲಾಫ್ 1980ರಲ್ಲಿ “ಒಂದು ಮಾತು ಕೇಳಲಾ?” ಎಂಬಂಥ ಪೀಠಿಕೆಗಳ ಮೇಲೆಯೇ ಒಂದು ಲೇಖನ ಬರೆದರು. ಸ್ಟೀಫನ್ ಲೆವಿನ್ಸನ್ 1983ರ ತಮ್ಮ ಪುಸ್ತಕದಲ್ಲಿ ಇಂಥ ಪೂರ್ವಪ್ರಶ್ನೆಯ ಕೆಲಸವನ್ನು ವಿವರಿಸಿದರು. ಅವರು ಹೇಳುವುದು ಇಷ್ಟು: ಬೇಡಿಕೆಗೆ ಏನಾದರೂ ಅಡ್ಡಿ ಬರುವಂತಿದ್ದರೆ, ಪೂರ್ವಪ್ರಶ್ನೆ ಅದೇ ಅಡ್ಡಿಯನ್ನು ಮೊದಲು ಮುಟ್ಟಿ ನೋಡುತ್ತದೆ. ಅಡ್ಡಿ ಇಲ್ಲವೆಂದು ತಿಳಿದರೆ ಕೇಳಬಹುದು. ಅದಕ್ಕೂ ಮೇಲಾದದ್ದೆಂದರೆ, ಎದುರಿನವನು ಸೂಕ್ಷ್ಮ ತಿಳಿದು ತಾನೇ “ತಗೋರಿ” ಅನ್ನುವುದು. ಆಗ ಬೇಡಿಕೆ ಹುಟ್ಟುವುದೇ ಇಲ್ಲ. ಲೆವಿನ್ಸನ್ ಅವರು ಪೆನೆಲೊಪಿ ಬ್ರೌನ್ ಜೊತೆ ಸೇರಿ 1978ರಲ್ಲಿ ಪ್ರಕಟಿಸಿದ ವಿನಯದ ಅಧ್ಯಯನಕ್ಕೆ ಬಳಸಿಕೊಂಡ ಮೂರು ಭಾಷೆಗಳಲ್ಲಿ ಕೊಯಮತ್ತೂರು ಕಡೆಯ ಹಳ್ಳಿಯ ತಮಿಳೂ ಒಂದು. ಹಾಗಾಗಿ ಅದರ ಉದಾಹರಣೆಗಳು ನಮ್ಮ ಓಣಿಗೆ ತೀರ ದೂರದವು ಅನ್ನಿಸುವುದಿಲ್ಲ.

ಸಿದ್ಧಾಂತ ಇಷ್ಟೇ ಸಾಕು. ಒಂದು ಮಾತುಕತೆಯನ್ನೇ ಬಿಚ್ಚಿ ನೋಡೋಣ. ಇಲ್ಲಿಯ ಕಟ್ಟೆಗಳ ಮೇಲೆ ದಿನಾ ನಡೆಯುವಂಥದ್ದನ್ನೇ ಮಾದರಿಗಾಗಿ ಕಟ್ಟಿದ್ದು. ಜನವರಿ ತಿಂಗಳು, ಆಳಂದ ಕಡೆಯ ಒಂದು ಊರು, ತೊಗರಿ ರಾಶಿಯ ಕಾಲ. ಸಂಜೆ ಮೋಡ ಕವಿದಿದೆ. ವಯಸ್ಸಾದ ಕಾಕಾ ಓಣಿಯ ಹುಡುಗನ ಮನೆಯ ಕಟ್ಟೆಗೆ ಬರುತ್ತಾರೆ.

“ಏನ್ ತಮ್ಮಾ, ಚಾ ಆಯ್ತಾ?”

“ಬರ್ರಿ ಕಾಕಾ, ಕುಂದರ್ರಿ. ಈಗ ಇಡ್ತಾರ.”

“ಮ್ವಾಡ ಭಾಳ ಆಗ್ಯದಲ್ಲ.”

“ಹೌದ್ರಿ, ಮುಂಜಾನಿಂದ ಹಂಗೇ ಅದ.”

“ನಿಮ್ದು ರಾಶಿ ಮುಗೀತಲ್ಲ?”

“ಮುಗೀತ್ರಿ. ನಿನ್ನೆನೇ ಚೀಲ ಮನಿಗಿ ಬಂದಾವ.”

“ಛಲೋ ಆತು. ನಮ್ದು ಇನ್ನ ಕಣದಾಗೇ ಬಿದ್ದದ. ಮಷೀನಿನವ ನಾಳಿಗಿ ಬರ್ತೀನಿ ಅಂದಾನ.”

ಇಲ್ಲಿ ಕಾಕಾ ಸುಮ್ಮನಾಗುತ್ತಾರೆ.

ಚಹಾದ ಮಾತು ಬರೀ ಬಾಗಿಲು. ಮೋಡದ ಮಾತಿನಲ್ಲೂ ಗುಟ್ಟೇನಿಲ್ಲ. ಆ ಸಂಜೆ ಊರಲ್ಲಿ ಎಲ್ಲರೂ ಮೋಡದ ಮಾತನ್ನೇ ಆಡುತ್ತಿರುತ್ತಾರೆ. ನಿಜವಾದ ಮಾತು ಐದನೇ ಸಾಲಿನಲ್ಲಿದೆ: “ನಿಮ್ದು ರಾಶಿ ಮುಗೀತಲ್ಲ?” ಅದನ್ನು ಹೇಗೆ ಗುರುತಿಸುವುದು? ಮೊದಲ ಸುಳಿವು ಏನೆಂದರೆ, ಕಾಕಾ ಕೇಳುತ್ತಿರುವುದು ತಮಗೆ ಗೊತ್ತಿರುವ ಸಂಗತಿಯನ್ನೇ. ನಿನ್ನೆ ಹಗಲೆಲ್ಲ ಮಷೀನಿನ ಸಪ್ಪಳ ಊರಿಗೆಲ್ಲ ಕೇಳಿದೆ, ಚೀಲ ಹೊತ್ತ ಟ್ರ್ಯಾಕ್ಟರ್ ಅವರ ಮನೆ ಮುಂದೆಯೇ ಹೋಗಿದೆ. ಗೊತ್ತಿದ್ದದ್ದನ್ನೇ ಕೇಳುವವನು ಸುದ್ದಿಗಾಗಿ ಕೇಳುತ್ತಿಲ್ಲ. ಎರಡನೆಯದು, ಪ್ರಶ್ನೆಯ ಅಳತೆ. “ತೊಗರಿ ಹ್ಯಾಂಗ ಬಂತು?” ಎಂದಿದ್ದರೆ ಅದು ಊರ ಮಾತು, ಇಳುವರಿ ಮತ್ತು ದರದ ಕಡೆಗೆ ಹೊರಳುತ್ತಿತ್ತು. “ಮುಗೀತಲ್ಲ” ಎನ್ನುವುದು ಹೌದು-ಇಲ್ಲ ಅಷ್ಟೇ ಬೇಡುವ ಇಕ್ಕಟ್ಟಾದ ಪ್ರಶ್ನೆ. ರಾಶಿ ಮುಗಿದಿದ್ದರೆ ರಾಶಿಯ ಸಾಮಾನು ಖಾಲಿ ಬಿದ್ದಿದೆ ಎಂದರ್ಥ.

ಮೂರನೆಯ ಸುಳಿವು ಎಲ್ಲಕ್ಕಿಂತ ಗಟ್ಟಿಯಾದದ್ದು. ಉತ್ತರ ಬಂದ ಮೇಲೆ ಕಾಕಾ ಅದನ್ನು ಬೆಳೆಸಲಿಲ್ಲ. ಎಷ್ಟು ಚೀಲ ಆಯಿತು, ಮಷೀನಿನವನು ಏನು ತಗೊಂಡ ಎಂದು ಕೇಳಲಿಲ್ಲ. “ಛಲೋ ಆತು” ಎಂದು ಬದಿಗಿಟ್ಟು ನೇರವಾಗಿ ತಮ್ಮ ಕಣಕ್ಕೆ ಬಂದರು. ಸುದ್ದಿ ಬೇಕಾದವನು ಉತ್ತರ ಹಿಡಿದು ಮುಂದೆ ಹೋಗುತ್ತಾನೆ. ದಾರಿ ಬೇಕಾದವನು ಉತ್ತರದ ಮೇಲೆ ಕಾಲಿಟ್ಟು ದಾಟುತ್ತಾನೆ.

ಈಗ ಮಾತಿನ ಸರದಿ ಹುಡುಗನದು. ಕಣದಲ್ಲಿ ಬಿದ್ದ ತೊಗರಿ, ಮೇಲೆ ಮೋಡ, ಮಷೀನು ನಾಳೆಗೆ. ಈ ಮೂರನ್ನು ಕೂಡಿಸಿದರೆ ಉತ್ತರ ತಾಡಪತ್ರಿ ಎಂದು ನಮಗೆ ಕಾಣುತ್ತದೆ. ಆದರೆ ಅವನು ಅಲ್ಲಿಗೇ ಜಿಗಿಯಬೇಕಾಗಿಲ್ಲ. ಒಂದು ಹೆಜ್ಜೆ ಹತ್ತಿರ ಹೋದರೆ ಸಾಕು:

“ಮತ್ತ ರಾತ್ರಿಗಿ ಮುಚ್ಚಲಾಕ ಹ್ಯಾಂಗ ಮಾಡೀರಿ ಕಾಕಾ?”

“ಹಳೇದೊಂದು ತಾಡಪತ್ರಿ ಅದ. ಅಲ್ಲಲ್ಲಿ ಹರದದ.”

“ನಮ್ದು ಖಾಲಿನೇ ಬಿದ್ದದ ತಗೋರಿ. ಹದಿನೆಂಟಕ್ಕ ಇಪ್ಪತ್ನಾಕರದ್ದು. ಚಾ ಕುಡೀರಿ, ನಾನೇ ಗಾಡಿ ಮ್ಯಾಲ ತಂದು ಹಾಸಿ ಬರ್ತೀನಿ.”

ಮುಚ್ಚುವುದರ ಬಗ್ಗೆ ಕೇಳಿದ ಆ ಪ್ರಶ್ನೆಯಲ್ಲಿ ಕೈಚಳಕವಿದೆ. ಕಾಕಾಗೆ ಏನು ಬೇಕೆಂದು ಅವನು ಕೇಳಲಿಲ್ಲ, ಕಾಕಾ ಏನು ಮಾಡಿದ್ದಾರೆ ಎಂದು ಕೇಳಿದ. ಇದಕ್ಕೆ ಉತ್ತರ ಕೊಡಲು ಯಾರೂ ಕೈಯೊಡ್ಡಬೇಕಾಗಿಲ್ಲ, ಇದ್ದ ಪರಿಸ್ಥಿತಿ ಹೇಳಿದರೆ ಆಯಿತು. ಅಳತೆ ಹೇಳಿದ್ದೂ ಸುಮ್ಮನೆ ಅಲ್ಲ. ಅದು ಸಾಲದಿದ್ದರೆ ಕಾಕಾ ಅಲ್ಲಿಯೇ “ನಮ್ದು ರಾಶಿ ಜರಾ ದೊಡ್ಡದದ” ಅನ್ನಬಹುದು. ಸಂಕೋಚದವರಿಗೆ ಕೊಟ್ಟದ್ದು ಸಾಲದು ಎಂದು ಆಮೇಲೆ ಹೇಳುವುದು ಕೇಳುವುದಕ್ಕಿಂತ ಕಷ್ಟ.

ಇದೇ ಕಟ್ಟೆಯ ಮೇಲೆ ಕೆಲಸ ಕೆಡುವ ಬಗೆಗಳೂ ಇವೆ. ತೀರ ಸಾಮಾನ್ಯವಾದದ್ದು ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ. ಹುಡುಗ ಐದನೇ ಸಾಲಿಗೇ “ಯಾಕ್ರಿ ಕಾಕಾ, ಏನರ ಬೇಕಾಗಿತ್ತೇನು?” ಅನ್ನುತ್ತಾನೆ. ಸಹಾಯ ಮಾಡಲಿಕ್ಕೇ ಕೇಳಿದ್ದು. ಆದರೆ ಕಾಕಾ ಇಷ್ಟು ಹೊತ್ತು ಜೋಪಾನ ಮಾಡಿಕೊಂಡು ಬಂದದ್ದನ್ನು ಆ ಮಾತು ಬಯಲಿಗೆಳೆಯುತ್ತದೆ. ಅವರ ಬಾಯಿಂದ ಬರುವ ಉತ್ತರ ಹೆಚ್ಚುಕಡಿಮೆ ಖಚಿತ: “ಏ ಏನಿಲ್ಲ, ಸುಮ್ಮ ಕೇಳಿದೆ.” ಒಮ್ಮೆ ‘ಸುಮ್ಮ’ ಅಂದರೆ ಮುಗಿಯಿತು. ಸುಮ್ಮನೆ ಕೇಳಿದ್ದು ಎಂದು ತಾವೇ ಹೇಳಿದ ಮೇಲೆ, ಐದು ನಿಮಿಷ ಬಿಟ್ಟು ತಾಡಪತ್ರಿ ಕೇಳಿದರೆ ತಮ್ಮ ಮಾತು ಸುಳ್ಳಾಗುತ್ತದೆ. ಚಹಾ ಕುಡಿದು ಎದ್ದು ಹೋಗುತ್ತಾರೆ. ರಾತ್ರಿ ಮಳೆಯಾದರೆ ರಾಶಿ ನೆನೆದು ಕಾಳಿನ ಬಣ್ಣ ಕೆಡುತ್ತದೆ, ಬೂಸು ಹಿಡಿಯುತ್ತದೆ, ಅಡತಿಯಲ್ಲಿ ದರ ಕಡಿಯುತ್ತಾರೆ. ಹುಡುಗ ಮರುದಿನ “ನಾ ಕೇಳ್ದಾಗ ಯಾಕ ಹೇಳ್ಲಿಲ್ರಿ?” ಅಂದರೆ, ಅವನು ಕೇಳಿದ್ದೇ ಕಾರಣ ಎಂದು ಅವನಿಗೆ ಯಾರು ಹೇಳಬೇಕು?

ಹಾಗಂತ ‘ಯಾಕ್ರಿ’ ಯಾವಾಗಲೂ ತಪ್ಪಲ್ಲ. “ಒಂದ್ ಮಾತಿತ್ತು” ಎಂದು ಅವರೇ ಬಾಗಿಲು ತೆರೆದಿದ್ದರೆ “ಹೇಳ್ರಿ ಕಾಕಾ” ಅನ್ನುವುದೇ ಸರಿ. ಬೇಡಿಕೆ ಇದೆ ಎಂದು ಅವರೇ ಒಪ್ಪಿಕೊಂಡಿದ್ದಾರೆ, ಇನ್ನು ಮುಚ್ಚಿಡುವುದು ಏನೂ ಇಲ್ಲ. ಅಲ್ಲಿ ನೀವು ಊಹೆಗೆ ಇಳಿದರೆ ಅದೇ ಅವಮಾನ. ಅವರು ಏನು ಹೇಳಲು ಬಂದಿದ್ದಾರೋ ಅದನ್ನು ಹೇಳಲು ಬಿಡದೆ ನೀವೇ ಹೇಳಿದಂತೆ.

ಇನ್ನೊಂದು ಕೆಡುವ ಬಗೆ ಸಲಹೆ. “ಕಾಕಾ, ನೀವೊಂದು ಹೊಸಾ ತಾಡಪತ್ರಿ ತಗೊಂಡುಬಿಡ್ರಿ, ಹರದದ್ದು ಇಟ್ಕೊಂಡು ಏನ್ ಮಾಡ್ತೀರಿ.” ಹೇಳಿದವನಿಗೆ ಇದು ಕಾಳಜಿ. ಕೇಳಿದವರಿಗೆ ಇದು ‘ಇಲ್ಲ’, ಅದರ ಮೇಲೊಂದು ಪಾಠ ಬೇರೆ. ಪಟ್ಟಣದಲ್ಲಿ ಓದಿ ಬಂದ ಹುಡುಗರಲ್ಲಿ ಈ ಚಾಳಿ ಹೆಚ್ಚು. ಸಮಸ್ಯೆ ಕಿವಿಗೆ ಬಿದ್ದ ಕೂಡಲೇ ಪರಿಹಾರ ಬಾಯಿಗೆ ಬಂದುಬಿಡುತ್ತದೆ.

ಊಹೆ ತಪ್ಪಾದರೆ? ಅದಕ್ಕೆ ಅಷ್ಟು ಹೆದರಬೇಕಾಗಿಲ್ಲ. “ಆಳು ಕಡಿಮಿ ಬಿದ್ದಾರೇನ್ರಿ ಕಾಕಾ? ನಾ ಬರ್ತೀನಿ” ಎಂದು ಹುಡುಗ ಅಂದಿದ್ದ ಅನ್ನಿ. ಕಾಕಾ ಹೇಳುವುದು, “ಆಳು ಅದಾರ ತಮ್ಮಾ, ಮುಚ್ಚೋದೇ ಕಷ್ಟ ಆಗ್ಯದ.” ಹೊಸದಾಗಿ ಬೇಡುವುದು ಕಷ್ಟ; ಎದುರಿನವನು ಕೊಡಲು ಮುಂದಾದದ್ದನ್ನು ಸ್ವಲ್ಪ ತಿರುಗಿಸುವುದು ಸುಲಭ. ತಪ್ಪು ಊಹೆ ಕೂಡ ಕೊಡುವ ಮನಸ್ಸು ಇದೆ ಎಂದು ತೋರಿಸಿರುತ್ತದೆ.

ಕೊಡುತ್ತೇನೆ ಎಂದ ಮೇಲೆ ಇನ್ನೊಂದು ಗಂಟು ಬರುತ್ತದೆ. ಕಾಕಾ ಮೊದಲು ಒಪ್ಪುವುದಿಲ್ಲ. ಈ ‘ಬ್ಯಾಡ’ ನಿಜವೋ ಮರ್ಯಾದೆಯದೋ? ಎಷ್ಟು ಸಲ ಅಂದರು ಎಂದು ಎಣಿಸುವವರಿದ್ದಾರೆ, ಮೂರು ಸಲ ಒತ್ತಾಯ ಮಾಡಬೇಕು ಅನ್ನುವ ಲೆಕ್ಕ. ಎಣಿಕೆಯನ್ನು ನಂಬಬೇಡಿ, ‘ಬ್ಯಾಡ’ದ ಜೊತೆ ಬರುವ ಕಾರಣವನ್ನು ಕೇಳಿಸಿಕೊಳ್ಳಿ. “ಬ್ಯಾಡ ಬ್ಯಾಡ, ನಿನಗ್ಯಾಕ ತ್ರಾಸು” ಅಂದರೆ ಆ ಕಾರಣ ನಿಮ್ಮ ಕುರಿತದ್ದು. ನಿಮಗೆ ತ್ರಾಸಿಲ್ಲ ಎಂದು ತೋರಿಸಿದರೆ ಅದು ಕರಗುತ್ತದೆ: “ತ್ರಾಸೇನದ್ರಿ, ಹೊಲದ ಕಡಿನೇ ಹೊಂಟೀನಿ.” ಬದಲಿಗೆ “ಬ್ಯಾಡ, ಅಳಿಯ ತರ್ಲಕತ್ತಾನ” ಎಂದರೆ ಅದು ಸಂಗತಿ. ಅಲ್ಲಿ ಒತ್ತಾಯ ಮಾಡಿದರೆ ಅವರಿಗೇ ಕಿರಿಕಿರಿ. ಚಹಾಕ್ಕೂ ಊಟಕ್ಕೂ ಇದೇ ಪರೀಕ್ಷೆ ನಡೆಯುತ್ತದೆ. “ಯಾಕ ಸುಮ್ಮ ಒಲಿ ಹಚ್ತೀ” ಅಂದವರಿಗೆ ಚಹಾ ಇಡಿ; “ಶುಗರ್ ಅದವಾ ನನಗ” ಅಂದವರಿಗೆ ಸಕ್ಕರೆ ಹಾಕಿ ತಂದುಕೊಡಬೇಡಿ.

ಇನ್ನು, ಕೊಡಲು ಆಗದಿದ್ದಾಗ. ಸುತ್ತುಮಾತಿನ ದೊಡ್ಡ ಉಪಯೋಗ ಇರುವುದು ಇಲ್ಲೇ. ನಿರಾಕರಣೆಗೆ ಒಂದು ಜಾಗವಿದೆ. ಅದು ಬೇಡಿಕೆ ಬಂದ ಮೇಲೆ ಅಲ್ಲ, ಪೂರ್ವಪ್ರಶ್ನೆಗೆ ಕೊಡುವ ಉತ್ತರದಲ್ಲೇ. “ಮುಗೀತಲ್ಲ?” ಎಂದಾಗ “ಮುಗೀತ್ರಿ, ಆದ್ರ ಅಕ್ಕನ ಊರಾಗ ಇನ್ನ ನಡದದ, ಸಾಮಾನೆಲ್ಲ ಅಲ್ಲಿಗೇ ಕಳ್ಸೀವಿ” ಅಂದರೆ ಸಾಕು. ಕಾಕಾ ತಲೆಯಾಡಿಸುತ್ತಾರೆ, ಮಾತು ಮೋಡಕ್ಕೆ ತಿರುಗುತ್ತದೆ. ಯಾರೂ ಕೇಳಲಿಲ್ಲ, ಯಾರೂ ಇಲ್ಲ ಅನ್ನಲಿಲ್ಲ. ನಾಳೆ ಇಬ್ಬರೂ ಅದೇ ಕಟ್ಟೆಯ ಮೇಲೆ ಕೂರಬಹುದು. ಈ ಜಾಗ ತಪ್ಪಿಸಿಕೊಂಡು “ಮುಗೀತ್ರಿ, ಎಲ್ಲಾ ಖಾಲಿ ಅದ” ಎಂದು ಬಾಯಿಬಿಟ್ಟ ಮೇಲೆ ಹಿಂದೆ ಸರಿಯುವುದು ಕಷ್ಟ. ದಾಕ್ಷಿಣ್ಯಕ್ಕೆ ಬೀಳುವವರಲ್ಲಿ ಬಹಳ ಜನ ಬೀಳುವುದು ಬೇಡಿಕೆಯ ಹೊತ್ತಿನಲ್ಲಲ್ಲ, ಅದಕ್ಕೂ ಎರಡು ಸಾಲು ಮೊದಲೇ. ಫೋನಿನಲ್ಲಿ “ನಾಳಿ ಐತವಾರ ಖಾಲಿನೇ ಇರ್ತೀರೇನ್ರಿ?” ಎಂಬ ಪ್ರಶ್ನೆಗೆ ಯೋಚಿಸದೆ “ಹೌದ್ರಿ ಖಾಲಿನೇ” ಅಂದವರ ಐತವಾರ ಅಲ್ಲಿಗೇ ಹೋಯಿತು ಅನ್ನಿ. “ಮಧ್ಯಾಹ್ನದ ತನಕ ಜರಾ ಕೆಲಸ ಅದ, ಸಂಜಿಗಿ ಇರ್ತೀನಿ” ಎಂದು ಎಷ್ಟು ಕೊಡಬಹುದೋ ಅಷ್ಟನ್ನೇ ಮೊದಲ ಉತ್ತರದಲ್ಲಿ ತೆರೆದಿಡಬಹುದಿತ್ತು.

ಈ ಆಟದಲ್ಲಿ ಮೌನವೂ ಮಾತೇ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ ಒಂದು ಅಧ್ಯಯನ ಪ್ರಕಟವಾಯಿತು. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು, ಮತ್ತು ಒಪ್ಪುವ ಉತ್ತರ ಒಪ್ಪದ ಉತ್ತರಕ್ಕಿಂತ ಬೇಗ ಬರುತ್ತದೆ ಎಂದು ಅದು ಕಂಡುಕೊಂಡಿತು. ಆ ಹತ್ತರಲ್ಲಿ ಕನ್ನಡ ಇರಲಿಲ್ಲ. ಆದರೆ “ಮುಗೀತಲ್ಲ?” ಎಂದ ಮೇಲೆ ಹುಡುಗ “ಹಾಂ… ಮುಗದಂಗೇ ರಿ…” ಎಂದು ಎಳೆದರೆ ಕಾಕಾಗೆ ಅರ್ಥವಾಗಲು ಅಧ್ಯಯನ ಬೇಕಾಗಿಲ್ಲ. ‘ನೋಡೋಣು’, ‘ನೋಡ್ತೀನ್ರಿ’ ಎಂಬ ಮಾತುಗಳ ಕೆಲಸವೂ ಇದೇ. ‘ಮಾಡ್ತೀನ್ರಿ’ ಅಂದರೆ ಮಾತು ಕೊಟ್ಟ ಹಾಗೆ. ‘ನೋಡ್ತೀನ್ರಿ’ಗೆ ದಿನವೋ ಹೊತ್ತೋ ಜೊತೆಗಿಲ್ಲದಿದ್ದರೆ ಅದನ್ನು ಇಲ್ಲ ಎಂದೇ ಹಿಡಿಯಿರಿ.

ಕೇಳುವವರ ವ್ಯಾಕರಣವೂ ಗಮನಿಸುವಂಥದ್ದು. “ನಿಮ್ಮ ಕಡಿ ಏಣಿ ಇಲ್ಲೇನ್ರಿ?” ಎಂದು ಇಲ್ಲದ ರೂಪದಲ್ಲಿ ಕೇಳುತ್ತಾರೆ. ಆಗ “ಇಲ್ರಿ” ಅನ್ನುವುದು ನಿರಾಕರಣೆ ಆಗುವುದಿಲ್ಲ, ಅವರ ಮಾತಿಗೆ ಹೂಂಗುಟ್ಟಿದಂತಾಗುತ್ತದೆ. “ಒಂದು ಎರಡು ಸಾವಿರ ಬೇಕಾಗಿತ್ತು” ಎಂದು ಇಂದಿನ ಅಗತ್ಯವನ್ನು ಹಿಂದಿನ ಕಾಲಕ್ಕೆ ತಳ್ಳುತ್ತಾರೆ. ಬೇಕಿದ್ದರೆ ಅದನ್ನು ಅಲ್ಲಿಯೇ ಬಿಟ್ಟುಬಿಡಬಹುದು ಎಂಬಂತೆ.

ರೊಕ್ಕದ ಮಾತು ಮಾತ್ರ ಬೇರೆ. ತಾಡಪತ್ರಿಯಂತೆ ಮೇಲೆ ಬಿದ್ದು ಕೊಡಲು ಹೋಗಬಾರದು. ನಿಮ್ಮ ಊಹೆ ತಪ್ಪಿದರೆ ಎದುರಿನವರನ್ನು ಬಡವರೆಂದು ತಿಳಿದಂತಾಗುತ್ತದೆ. ಕೈಗಡದ ಸುಳಿವು ಸಾಮಾನ್ಯವಾಗಿ ಮೊತ್ತದಲ್ಲಿರುವುದಿಲ್ಲ, ದಿನಾಂಕದಲ್ಲಿರುತ್ತದೆ. ಹುಡುಗಿಯ ಕಾಲೇಜು ಫೀಸಿನ ಮಾತು ನಡುವೆ “ತೊಗರಿ ಮಾರಿದ್ರ ಏನ್ ಚಿಂತಿ ಇಲ್ಲ, ಇನ್ನ ಹದಿನೈದು ದಿನ ಅಷ್ಟೇ” ಎಂದು ಬಂದರೆ, ಅಲ್ಲಿ ತೀರಿಸುವ ದಿನ ಆಗಲೇ ಹೇಳಿಯಾಗಿದೆ. ಕೇಳುವುದಕ್ಕೂ ಮೊದಲೇ ಜಾಮೀನು ಕೊಟ್ಟಂತೆ. ಆಗ ಕೊಡುವ ಮನಸ್ಸಿದ್ದವರು ಮೊತ್ತ ಕೇಳದೆ ತಮ್ಮ ಮಿತಿಯನ್ನೇ ಹೇಳಿಬಿಡುವುದು ಒಳ್ಳೆಯದು: “ಸದ್ಯ ನನ್ನ ಕಡಿ ಮೂರು ಸಾವಿರ ಅವ, ನಡೀತದೇನ್ರಿ?” ಅವರಿಗೆ ಹತ್ತು ಬೇಕಿದ್ದರೂ ಹತ್ತಕ್ಕೆ ಇಲ್ಲ ಅನ್ನಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ.

ಇದೆಲ್ಲ ಸಮಾನರ ನಡುವಿನ, ಇಲ್ಲವೇ ಹಿರಿಯರು ಕಿರಿಯರ ಬಳಿ ಬಂದಾಗಿನ ಮಾತು. ಮನೆಯೊಳಗೆ ಯಾರೂ ಇಷ್ಟು ಸುತ್ತುವುದಿಲ್ಲ. ಅಣ್ಣ ತಮ್ಮನಿಗೆ “ಏ, ಗಾಡಿ ಕೀಲಿ ಕೊಡು” ಅಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಅಧಿಕಾರ ಇದ್ದವರ ಸುತ್ತುಮಾತಂತೂ ಬೇರೆಯೇ ಪ್ರಾಣಿ. ಊರಿಗೆ ಬಂದ ದೊಡ್ಡವರು “ನಿಮ್ಮ ಕಡಿ ಸೀತನಿ ಭಾಳ ಛಲೋ ಇರ್ತಾವಂತಲ್ಲ” ಅಂದರೆ ಅದರಲ್ಲಿ ಸಂಕೋಚವೂ ಇಲ್ಲ, ಬಿಡಿಸಿಕೊಳ್ಳುವ ಜಾಗವೂ ಇಲ್ಲ. ಅದು ಹುಕುಂ, ಮೇಲೆ ಸಕ್ಕರೆ ಸವರಿದ್ದು ಅಷ್ಟೇ.

ಸುತ್ತುಮಾತು ಕೆಲಸಕ್ಕೆ ಬಾರದ ಕಡೆಗಳೂ ಇವೆ. ಕಚೇರಿಯ ಕೌಂಟರಿನ ಮುಂದೆ ನಿಂತು “ಪಹಣಿ ಬಂದಾವೇನ್ರಿ?” ಎಂದರೆ “ಬಂದಾವ” ಎಂಬ ಉತ್ತರ ಬರುತ್ತದೆ, ಪಹಣಿ ಬರುವುದಿಲ್ಲ. ವಾಟ್ಸ್ಯಾಪಿನಲ್ಲಿಯೂ ಹೀಗೇ. “ನಮಸ್ಕಾರ ಅಣ್ಣಾ, ಆರಾಮ?” ಎಂದು ಬರೆದು ಉತ್ತರಕ್ಕೆ ಕಾಯುವವರ ಎಣಿಕೆ, ಎದುರಿನವರು ಕಟ್ಟೆಯ ಮೇಲಿನಂತೆ ಮಾತು ಬೆಳೆಸುತ್ತಾರೆ ಎಂದು. ಅಲ್ಲಿ ಮೌನಕ್ಕೆ ಅರ್ಥವೇ ಇಲ್ಲ. ಮೂರು ತಾಸಿನ ತಡ ಮುಲಾಜೋ, ಬ್ಯಾಟರಿ ಮುಗಿದದ್ದೋ ಯಾರಿಗೂ ತಿಳಿಯುವುದಿಲ್ಲ. ಬರೆಯುವುದಾದರೆ ಬೇಡಿಕೆಯನ್ನೂ ಬಿಡಿಸಿಕೊಳ್ಳುವ ದಾರಿಯನ್ನೂ ಒಂದೇ ಸಂದೇಶದಲ್ಲಿ ಇಡಬೇಕು: “ಅಣ್ಣಾ, ನಾಳಿ ನಿಮ್ಮ ಟ್ರ್ಯಾಕ್ಟರ್ ಖಾಲಿ ಇದ್ರ ಎರಡು ಟ್ರಿಪ್ ಬೇಕಾಗಿತ್ರಿ, ಇಲ್ಲಂದ್ರ ಬ್ಯಾರೆ ಕಡಿ ನೋಡ್ತೀನಿ.” ‘ಬ್ಯಾರೆ ಕಡಿ’ ಎನ್ನುವ ಎರಡು ಪದಗಳು ಕಟ್ಟೆಯ ಮೇಲೆ ಐದು ಸಾಲು ಮಾಡುವ ಕೆಲಸ ಮಾಡುತ್ತವೆ.

ಕಾಕಾರ ತಾಡಪತ್ರಿಗೆ ಮರಳಿದರೆ, ಅದು ಹೋದದ್ದು ಶುಕ್ರವಾರ. ಮಳೆ ನಾಲ್ಕು ಹನಿ ಹಾಕಿ ಹೋಯಿತು, ಮಷೀನು ಬಂತು, ಚೀಲ ಮನೆ ಸೇರಿದವು. ಎಂಟು ದಿನವಾದರೂ ತಾಡಪತ್ರಿ ವಾಪಸ್ ಬಂದಿಲ್ಲ. ಹುಡುಗನಿಗೆ ಕಡಲೆ ರಾಶಿ ಹತ್ತಿರ ಬಂದಿದೆ. ಈಗ ಸಂಕೋಚ ಅವನದು. ಹಿರಿಯರಿಗೆ “ನಮ್ದು ವಾಪಸ್ ಕೊಡ್ರಿ” ಅನ್ನುವುದು ಹೇಗೆ? ಸಂಜೆ ಕಾಕಾರ ಕಟ್ಟೆಗೆ ಹೋಗಿ ಕೂರುತ್ತಾನೆ. ಚಹಾದ ಮಾತು ಆಗುತ್ತದೆ, ದರದ ಮಾತು ಆಗುತ್ತದೆ. ಆಮೇಲೆ ಕೇಳುತ್ತಾನೆ:

“ಕಾಕಾ, ನಿಮ್ದು ರಾಶಿ ಮುಗೀತಲ್ರಿ?”

ಕಾಕಾ ಅರೆಗಳಿಗೆಯೂ ತಡಮಾಡುವುದಿಲ್ಲ. “ಹೌದು ತಮ್ಮಾ. ಮುಂಜಾನಿ ಹುಡುಗನ ಕಡಿ ಕಳಸ್ತೀನಿ, ಝಾಡ್ಸಿ ಮಡಚಿ ಇಟ್ಟೀನಿ.”